ಟ್ಯಾಂಕಿನ ಮೇಲಿನ ಹೆಸರು ಯಾರದು?

1973ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್‌ಸೈಕಲ್ಲಿಗೆ ಹೊಸ ಹೆಸರು ಬಂತು. ಅಲ್ಲಿಯವರೆಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ‘ಜಾವಾ’ ಎಂದಿದ್ದ ಜಾಗದಲ್ಲಿ ‘ಯೆಜ್ಡಿ’ ಎಂದು ಬರೆದಿತ್ತು. ಹೆಸರಿನ ಕೆಳಗಿದ್ದ ಗಾಡಿ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಅದೇ 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಎರಡೂ ಬದಿಗೆ ಒಂದೊಂದು ಸೈಲೆನ್ಸರ್, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್. ಮಾಡುವ ಕೈಗಳೂ ಅವೇ, ರಿಪೇರಿ ಮಾಡುವ ಮೆಕ್ಯಾನಿಕ್ಕೂ ಅವನೇ.

2018ರ ನವೆಂಬರ್‌ನಲ್ಲಿ ನಡೆದದ್ದು ಇದರ ತದ್ವಿರುದ್ಧ. ದಶಕಗಳ ನಂತರ ಭಾರತದ ಷೋರೂಮುಗಳಿಗೆ ‘ಜಾವಾ’ ಹೆಸರು ಮರಳಿತು. ದುಂಡನೆಯ ಟ್ಯಾಂಕು, ಜೋಡಿ ಸೈಲೆನ್ಸರು, ಕಡುಗೆಂಪು ಬಣ್ಣ ಎಲ್ಲವೂ ಹಳೆಯದನ್ನು ನೆನಪಿಸುವಂತಿದ್ದವು. ಆದರೆ ಒಳಗಿದ್ದದ್ದು 293 ಸಿಸಿಯ, ದ್ರವದಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದು ಮಹೀಂದ್ರಾ ಕಂಪನಿಯ ಮೋಜೊ ಬೈಕಿನ ಎಂಜಿನ್ ಕುಟುಂಬದ್ದು. ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿ ಆಗಲೇ ಇಪ್ಪತ್ತೆರಡು ವರ್ಷಗಳಾಗಿದ್ದವು.

ಒಮ್ಮೆ ಗಾಡಿ ಉಳಿದು ಹೆಸರು ಹೋಯಿತು, ಇನ್ನೊಮ್ಮೆ ಹೆಸರು ಬಂದು ಗಾಡಿಯೇ ಬೇರೆಯಾಯಿತು. ಹೆಸರುವಾಸಿ ಬ್ರಾಂಡ್ ಒಂದನ್ನು ಮೂಲ ಕಂಪನಿಗೆ ಸಂಬಂಧವಿಲ್ಲದ ಸ್ಥಳೀಯ ಸಂಸ್ಥೆ ಬಳಸುವುದೆಂದರೆ ಏನು, ಅದರಿಂದ ಕೊಳ್ಳುವವರಿಗೆ ಏನಾಗುತ್ತದೆ ಎಂದು ತಿಳಿಯಲು ಮೈಸೂರಿನ ಈ ಕಥೆಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದವರಿಗೆ ಸಿಗುವುದು ಕಷ್ಟ.

ಜಾವಾ ಎಂಬ ಹೆಸರು ಹುಟ್ಟಿದ್ದೇ ಇಂಥ ಒಂದು ವ್ಯವಹಾರದಿಂದ. 1929ರಲ್ಲಿ ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ JAWA ಎಂದು ಕರೆದರು. ಮೊದಲ 500 ಸಿಸಿ ಗಾಡಿ ವಾಂಡರರ್‌ನ ವಿನ್ಯಾಸದ್ದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾ ಸರ್ಕಾರ ಆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿತು. ಜಾವಾ ಗಾಡಿಗಳನ್ನು ಹೊರದೇಶಗಳಿಗೆ ಮಾರುವ ಕೆಲಸ ಮೋಟೊಕೊವ್ ಎಂಬ ಸರ್ಕಾರಿ ವ್ಯಾಪಾರ ಸಂಸ್ಥೆಯ ಕೈಗೆ ಬಂತು.

ಭಾರತದಲ್ಲಿ ಈ ಗಾಡಿಗಳನ್ನು ಮೊದಲು ತರಿಸಿ ಮಾರುತ್ತಿದ್ದವರು ಮುಂಬೈಯ ಪಾರ್ಸಿ ಇರಾನಿ ಕುಟುಂಬದವರು. ಐವತ್ತರ ದಶಕದಲ್ಲಿ ಸರ್ಕಾರ ಆಮದನ್ನು ಬಿಗಿಗೊಳಿಸಿದಾಗ ವ್ಯಾಪಾರ ಉಳಿಸಿಕೊಳ್ಳಲು ಇದ್ದ ದಾರಿ ಒಂದೇ, ಗಾಡಿಯನ್ನು ಇಲ್ಲೇ ಮಾಡುವುದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಜೆಕ್ ಕಂಪನಿಯ ಪರವಾನಗಿ ಪಡೆದು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹದಿಂದ ಕಾರ್ಖಾನೆ ಮೈಸೂರಿಗೆ ಬಂತು. ಮೊದಮೊದಲು ಚೆಕೊಸ್ಲೊವಾಕಿಯಾದಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಐಡಿಯಲ್ ಜಾವಾ ಜೆಕ್ ಕಂಪನಿಯ ಶಾಖೆಯಾಗಿರಲಿಲ್ಲ. ಅದು ಭಾರತೀಯರು ಕಟ್ಟಿ ನಡೆಸಿದ ಕಂಪನಿ. ಜೆಕ್ ಕಡೆಯಿಂದ ಅದಕ್ಕೆ ಸಿಕ್ಕದ್ದು ಎರಡು: ಗಾಡಿಯನ್ನು ಹೀಗೆ ಮಾಡಿ ಎಂದು ತೋರಿಸುವ ನಕ್ಷೆ ಮತ್ತು ತಂತ್ರಜ್ಞಾನ, ಜೊತೆಗೆ ಆ ಗಾಡಿಗೆ ಜಾವಾ ಎಂಬ ಹೆಸರಿಡುವ ಅನುಮತಿ. ಕೊಳ್ಳುವವರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ. ಕಲಿತ ವಿದ್ಯೆ ಕಾರ್ಖಾನೆಯಲ್ಲೇ ಉಳಿಯುತ್ತದೆ. ಹೆಸರು ಬಾಡಿಗೆ ಮನೆಯಿದ್ದಂತೆ, ಕರಾರಿನ ಅವಧಿ ಮುಗಿದ ದಿನ ಮಾಲೀಕನಿಗೆ ಮರಳಿ ಹೋಗುತ್ತದೆ.

ಹೆಸರಿನ ಪರವಾನಗಿ ಪತ್ರವನ್ನು ಬಿಡಿಸಿ ನೋಡಿದರೆ ಅದರಲ್ಲಿ ಸಾಮಾನ್ಯವಾಗಿ ಕೆಲವು ಷರತ್ತುಗಳಿರುತ್ತವೆ. ಯಾವ ವಸ್ತುವಿಗೆ ಆ ಹೆಸರು, ಯಾವ ದೇಶದಲ್ಲಿ ಮಾರಬಹುದು, ಎಷ್ಟು ವರ್ಷ, ಮಾರಾಟದ ಮೇಲೆ ಎಷ್ಟು ರಾಯಧನ ಎಂಬುದು ಮೊದಲು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಗುಣಮಟ್ಟದ ಷರತ್ತು. ತನ್ನ ಹೆಸರು ಹೊತ್ತ ವಸ್ತು ಹೇಗಿರಬೇಕು ಎಂದು ಹೇಳುವ, ಬೇಕಾದರೆ ಕಾರ್ಖಾನೆಗೆ ಬಂದು ನೋಡುವ ಹಕ್ಕನ್ನು ಹೆಸರಿನ ಒಡೆಯ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಪರವಾನಗಿ ಪಡೆದವರ ಬಳಕೆಯನ್ನು ಒಡೆಯನ ಬಳಕೆ ಎಂದೇ ಎಣಿಸುತ್ತದೆ. ಹತ್ತು ವರ್ಷ ನೀವು ಬೆವರು ಸುರಿಸಿ ಆ ಹೆಸರಿಗೆ ಒಳ್ಳೆಯ ಮಾತು ತಂದರೂ ಆ ಒಳ್ಳೆಯ ಮಾತು ಸೇರುವುದು ಒಡೆಯನ ಖಾತೆಗೆ. ಸ್ಥಳೀಯ ಕಂಪನಿಗಳಿಗೆ ಈ ವ್ಯವಹಾರದಲ್ಲಿ ದೊಡ್ಡ ಅಪಾಯವಿರುವುದು ಇಲ್ಲೇ.

ಐಡಿಯಲ್ ಜಾವಾ ಆ ಅಪಾಯವನ್ನು ದಾಟಿದ ರೀತಿ ಮೆಚ್ಚುವಂಥದ್ದು. ವಿದೇಶಿ ಸಹಯೋಗಗಳನ್ನು ಸೀಮಿತ ಅವಧಿಗೆ ಮಾತ್ರ ಒಪ್ಪುವುದು, ಆಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಲಿ ಎನ್ನುವುದು ಅಂದಿನ ಸರ್ಕಾರದ ಧೋರಣೆಯಾಗಿತ್ತು. ಬಜಾಜ್ ಕಂಪನಿ ಇಟಲಿಯ ವೆಸ್ಪಾ ಸ್ಕೂಟರನ್ನು 1960ರಿಂದ ಇಲ್ಲಿ ತಯಾರಿಸುತ್ತಿತ್ತು. 1971ರಲ್ಲಿ ಪರವಾನಗಿ ನವೀಕರಣವಾಗದೆ ಹೋದಾಗ ‘ಚೇತಕ್’ ಎಂಬ ಹೆಸರು ಹುಟ್ಟಿತು. ಜಾವಾ ಪರವಾನಗಿ ಮುಗಿದಾಗ ಮೈಸೂರಿನವರೂ ತಮ್ಮದೇ ಹೆಸರನ್ನು ಹುಡುಕಿಕೊಂಡರು. ಇರಾನಿನ ಯಜ್ದ್ ನಗರ ಜರತುಷ್ಟ್ರ ಮತದವರ ಹಳೆಯ ನೆಲೆ. ಪಾರ್ಸಿ ಇರಾನಿಗಳಿಗೆ ಹತ್ತಿರವಾದ ಆ ಊರಿನ ನೆನಪಿನಲ್ಲಿ ಗಾಡಿಗೆ ಯೆಜ್ಡಿ ಎಂದರು.

ಗಿರಾಕಿಗಳು ಹೆಸರಿನ ಹಿಂದೆ ಹೋಗಲಿಲ್ಲ, ಗಾಡಿಯ ಜೊತೆ ಉಳಿದರು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಇಡೀ ದೇಶದಲ್ಲಿ ಓಡಿತು. ರ್‍ಯಾಲಿಗಳಲ್ಲಿ ಗೆದ್ದಿತು, ಹೊರದೇಶಗಳಿಗೂ ಹೋಯಿತು. ಮೈಸೂರು, ಮಂಡ್ಯ, ಹಾಸನದ ಕಡೆಯ ಹಳಬರು ಇಂದಿಗೂ ಎರಡೂ ಹೆಸರುಗಳನ್ನು ಒಂದೇ ಉಸಿರಿನಲ್ಲಿ ‘ಜಾವಾ ಯೆಜ್ಡಿ’ ಎನ್ನುತ್ತಾರೆ. ಇದರ ಕಾರಣ ಸರಳ. ಬಿಡಿಭಾಗ ಸಿಗುತ್ತಿತ್ತು, ರಿಪೇರಿ ಗೊತ್ತಿದ್ದವರು ಊರೂರಲ್ಲಿದ್ದರು, ಗಾಡಿಯ ಗುಣ ಹಾಗೇ ಇತ್ತು. ಹೆಸರು ಬದಲಾದರೂ ಕೊಂಡವರಿಗೆ ಯಾವ ನಷ್ಟವೂ ಆಗಲಿಲ್ಲ.

ಎಂಬತ್ತರ ದಶಕದಲ್ಲಿ ಪೆಟ್ರೋಲ್ ಕಡಿಮೆ ಕುಡಿಯುವ ನೂರು ಸಿಸಿಯ ಜಪಾನೀ ತಂತ್ರಜ್ಞಾನದ ಬೈಕುಗಳು ಬಂದವು. ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಂತೆ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗೆ ಉಸಿರಾಡುವುದೇ ಕಷ್ಟವಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. ನೂರಾರು ಕುಟುಂಬಗಳ ಅನ್ನದ ದಾರಿ ಮುಚ್ಚಿತು. 2001ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ಸಮಾಪನೆಗೆ ಆದೇಶಿಸಿತು. ಅದರ ಆಸ್ತಿಪಾಸ್ತಿ ಅಧಿಕೃತ ಸಮಾಪಕರ ಸುಪರ್ದಿಗೆ ಹೋಯಿತು.

ಆ ಜಪಾನೀ ಬೈಕುಗಳ ಪೈಕಿ ಮುಂಚೂಣಿಯಲ್ಲಿದ್ದ ಹೀರೊ ಹೋಂಡಾದ್ದು ಹೆಸರಿನ ವಿಷಯದಲ್ಲಿ ಬೇರೆಯೇ ಬಗೆ. ಅದು ಬರೀ ಪರವಾನಗಿಯಲ್ಲ, ಜಂಟಿ ಕಂಪನಿ. 1984ರಲ್ಲಿ ಶುರುವಾದ ಅದರಲ್ಲಿ ಹೀರೊ ಕುಟುಂಬದ್ದು 26 ಶೇಕಡಾ, ಹೋಂಡಾದ್ದು 26 ಶೇಕಡಾ ಪಾಲು. ಹೆಸರಿನ ಒಡೆಯ ತಾನೂ ಹಣ ಹಾಕಿರುವುದರಿಂದ ಲಾಭ ನಷ್ಟ ಎರಡರಲ್ಲೂ ಭಾಗಿ. ಕೊಳ್ಳುವವರಿಗೆ ಇದು ಹೆಚ್ಚಿನ ಭರವಸೆ. ಆದರೆ ಹೋಂಡಾ 1999ರಲ್ಲಿ ತನ್ನದೇ ಸ್ವಂತ ಕಂಪನಿಯನ್ನು ಭಾರತದಲ್ಲಿ ಕಟ್ಟಿತು. ಆಕ್ಟಿವಾ ಸ್ಕೂಟರ್ ತಂದಿತು. ಒಂದೇ ಹೆಸರು ಒಂದೇ ದೇಶದಲ್ಲಿ ಎರಡು ಕಂಪನಿಗಳ ಬಾಗಿಲಿನ ಮೇಲೆ ಬಂದಮೇಲೆ ಸಂಬಂಧ ಹೆಚ್ಚು ಕಾಲ ಬಾಳುವುದಿಲ್ಲ. 2010ರ ಡಿಸೆಂಬರ್‌ನಲ್ಲಿ ಬೇರ್ಪಡುವ ಘೋಷಣೆಯಾಯಿತು. ಹೋಂಡಾ ತನ್ನ 26 ಶೇಕಡಾ ಪಾಲನ್ನು ಹೀರೊ ಕಡೆಗೆ ಮಾರಿತು. 2011ರಲ್ಲಿ ಕಂಪನಿ ಹೀರೊ ಮೋಟೊಕಾರ್ಪ್ ಆಯಿತು. ಹೊಸ ಹೆಸರು ಜನರ ನಾಲಗೆಗೆ ಹತ್ತುವವರೆಗೆ ಹಳೆಯ ಹೆಸರನ್ನೂ ಬಳಸಲು ಕೆಲವು ವರ್ಷಗಳ ಕಾಲಾವಕಾಶ ಇಟ್ಟುಕೊಂಡರು. ‘ಸ್ಪ್ಲೆಂಡರ್’ ಎಂಬ ಗಾಡಿಯ ಹೆಸರು ಹೀರೊ ಬಳಿಯೇ ಉಳಿದದ್ದು ಇಡೀ ಒಪ್ಪಂದದ ಜಾಣತನ. ಹಳ್ಳಿಯ ಗಿರಾಕಿ ಕೇಳುತ್ತಿದ್ದದ್ದು ಹೋಂಡಾವನ್ನಲ್ಲ, ಸ್ಪ್ಲೆಂಡರನ್ನು.

ಈಗ 2018ರ ಜಾವಾಗೆ ಮರಳಬಹುದು. ಅದನ್ನು ತಂದ ಕಂಪನಿಯ ಹೆಸರು ಕ್ಲಾಸಿಕ್ ಲೆಜೆಂಡ್ಸ್. ಅದರಲ್ಲಿ ಹೆಚ್ಚಿನ ಪಾಲು ಮಹೀಂದ್ರಾದ್ದು. ಉಳಿದದ್ದರಲ್ಲಿ ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಇದ್ದಾರೆ. 2016ರಲ್ಲಿ ಈ ಕಂಪನಿ ಒಂದೇ ಸಲಕ್ಕೆ ಎರಡು ಹಳೆಯ ಹೆಸರುಗಳನ್ನು ಎರಡು ಬೇರೆ ರೀತಿಯಲ್ಲಿ ಪಡೆಯಿತು. ಬ್ರಿಟನ್ನಿನ ಬಿಎಸ್‌ಎಯನ್ನು ಕಂಪನಿ ಸಮೇತ ಕೊಂಡುಕೊಂಡಿತು, ಆ ಹೆಸರು ಈಗ ಅದರ ಸ್ವತ್ತು. ಜಾವಾ ಹೆಸರನ್ನು ಮಾತ್ರ ಪರವಾನಗಿಯ ಮೇಲೆ ಪಡೆಯಿತು. ಅದರ ಒಡೆತನ ಇಂದಿಗೂ ಜೆಕ್ ಗಣರಾಜ್ಯದ ಜಾವಾ ಮೋಟೊ ಕಂಪನಿಯದ್ದು.

ಆ ಜೆಕ್ ಕಂಪನಿ ಯುರೋಪಿನಲ್ಲಿ ತನ್ನದೇ ಜಾವಾಗಳನ್ನು ಮಾರುತ್ತದೆ. ಅದರ 350 OHC ಎಂಬ ಗಾಡಿಯ ಎಂಜಿನ್ ಚೀನಾದಲ್ಲಿ ತಯಾರಾದದ್ದು. ಭಾರತದಲ್ಲಿ ಹುಟ್ಟಿದ ಜಾವಾ ಕೂಡ 300 CL ಎಂಬ ಹೆಸರಿನಲ್ಲಿ ಯುರೋಪಿಗೆ ಹೋಯಿತು. ಜಾವಾ ಎಂದು ಬರೆದಿರುವ ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಒಂದರ ಪಿಸ್ಟನ್ ಇನ್ನೊಂದಕ್ಕೆ ಹೊಂದುವುದಿಲ್ಲ. ಮೈಸೂರಿನ ಹಳೆಯ ಜಾವಾದ ಬಿಡಿಭಾಗಗಳಂತೂ ಇವೆರಡಕ್ಕೂ ಹೊಂದುವ ಪ್ರಶ್ನೆಯೇ ಇಲ್ಲ. ಹೆಸರು ಮಾತ್ರ ಒಂದು, ವಂಶ ಬೇರೆ ಬೇರೆ. ಹೊಸ ಗಾಡಿ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಅದನ್ನು ಇಂದಿನ ಮಹೀಂದ್ರಾ ಬಳಗದ ಗಾಡಿ ಎಂದು ಅದರ ಬಲಾಬಲದ ಮೇಲೆ ಅಳೆಯಬೇಕು. ಅಪ್ಪನ ಕಾಲದ ಗಾಡಿಯ ಗಟ್ಟಿತನ ಇದಕ್ಕೂ ಇದೆ ಎಂದು ನಂಬಿ ಕೊಂಡರೆ ಆ ನಂಬಿಕೆಗೆ ಆಧಾರವಿಲ್ಲ.

ಯೆಜ್ಡಿ ಹೆಸರಿನ ಕಥೆ ಇನ್ನೂ ತಿರುವುಗಳನ್ನು ಕಂಡಿತು. ಅದು ಬಾಡಿಗೆಯದ್ದಲ್ಲ, ಮೈಸೂರಿನ ಕಂಪನಿ ತಾನೇ ಬೆಳೆಸಿದ ಹೆಸರು. ಕಂಪನಿ ಮುಚ್ಚಿಹೋದ ಮೇಲೆ ಆ ಹೆಸರು ಯಾರದು? ಬೊಮನ್ ಇರಾನಿ ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು. 2022ರ ಜನವರಿಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಹೊಸ ಯೆಜ್ಡಿ ಬೈಕುಗಳನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಆ ಹೆಸರು ಸಮಾಪನೆಯಲ್ಲಿರುವ ಐಡಿಯಲ್ ಜಾವಾದ ಸ್ವತ್ತು, ಇರಾನಿಯವರ ನೋಂದಣಿಗಳು ಅಸಿಂಧು ಎಂದು ತೀರ್ಪು ಕೊಟ್ಟಿತು. ಕಂಪನಿಯ ಆಸ್ತಿ ಎಂದಾದರೆ ಅದನ್ನು ಮಾರಿ ಬಂದ ಹಣ ಕಾರ್ಮಿಕರೂ ಸೇರಿದಂತೆ ಬಾಕಿದಾರರಿಗೆ ಹೋಗಬೇಕು. ಹಾಗಾಗಿ ಇದು ಕೇವಲ ಒಂದು ಪದದ ಜಗಳವಾಗಿರಲಿಲ್ಲ. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ 2025ರ ನವೆಂಬರ್‌ನಲ್ಲಿ ಆ ತೀರ್ಪನ್ನು ರದ್ದುಪಡಿಸಿತು. 1996ರ ನಂತರ ಹೆಸರಿನ ಬಳಕೆಯೇ ಇರಲಿಲ್ಲ, ಹಳೆಯ ನೋಂದಣಿಗಳನ್ನು ಯಾರೂ ನವೀಕರಿಸಿರಲಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು.

ಟ್ರೇಡ್‌ಮಾರ್ಕ್ ಕಾನೂನಿನ ತಿರುಳು ಇದೇ. ಜಮೀನು ಪಾಳು ಬಿದ್ದರೂ ಪಹಣಿಯಲ್ಲಿ ಒಡೆಯನ ಹೆಸರು ಉಳಿಯುತ್ತದೆ. ಬ್ರಾಂಡಿನ ವಿಷಯ ಹಾಗಲ್ಲ. ನೋಂದಾಯಿಸಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಸತತವಾಗಿ ಬಳಸದಿದ್ದರೆ ಅದನ್ನು ಪಟ್ಟಿಯಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಲೇಬೇಕು. ಮೈಸೂರಿನ ಕಾರ್ಮಿಕರು ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದು ಬೆಲೆ ತಂದುಕೊಟ್ಟ ಹೆಸರಿಗೆ ಮುಚ್ಚಿದ ಬಾಗಿಲಿನ ಹಿಂದೆ ನವೀಕರಣದ ಅರ್ಜಿ ಹಾಕುವವರು ಇರಲಿಲ್ಲ ಎಂಬುದು ಇಡೀ ಪ್ರಕರಣದ ನೋವಿನ ಸಂಗತಿ. ಕಂಪನಿ ಮುಳುಗುವಾಗ ಯಂತ್ರ, ಜಾಗ, ಕಟ್ಟಡಗಳ ಪಟ್ಟಿ ಮಾಡುವವರು ಹೆಸರನ್ನೂ ಆ ಪಟ್ಟಿಗೆ ಸೇರಿಸಿ ಜೀವಂತವಾಗಿಡಬೇಕು.

ಮೋಟಾರ್‌ಸೈಕಲ್ಲಿನಿಂದ ಮನೆಯೊಳಗೆ ಬಂದರೆ ಇದೇ ವ್ಯವಹಾರ ಇನ್ನೂ ದಟ್ಟವಾಗಿ ಕಾಣುತ್ತದೆ. ಫಿಲಿಪ್ಸ್ ಎಂದು ಬರೆದಿರುವ ಬಲ್ಬು, ಮಿಕ್ಸರ್, ಟಿವಿ ಮೂರೂ ಒಂದೇ ಮನೆಯಲ್ಲಿರಬಹುದು. ಬಲ್ಬಿನ ಹಿಂದಿರುವುದು ಸಿಗ್ನಿಫೈ ಎಂಬ ಕಂಪನಿ, ಫಿಲಿಪ್ಸ್‌ನ ದೀಪದ ವಿಭಾಗ ಬೇರೆಯಾಗಿ 2018ರಲ್ಲಿ ಆ ಹೆಸರು ಪಡೆಯಿತು. ಗೃಹೋಪಯೋಗಿ ವಸ್ತುಗಳ ವಿಭಾಗವನ್ನು 2021ರಲ್ಲಿ ಒಂದು ಹೂಡಿಕೆ ಸಂಸ್ಥೆಗೆ ಮಾರಲಾಯಿತು, ಅದು ಈಗ ವರ್ಸುನಿ. ಟಿವಿಗೆ ಆ ಹೆಸರು ಬಳಸುವ ಪರವಾನಗಿ ಇರುವುದು ಟಿಪಿವಿ ಎಂಬ ಬೇರೊಂದು ಕಂಪನಿಗೆ. ಹಾಲೆಂಡಿನ ಮೂಲ ಫಿಲಿಪ್ಸ್ ಈಗ ಮುಖ್ಯವಾಗಿ ಆಸ್ಪತ್ರೆ ಮತ್ತು ಆರೋಗ್ಯದ ಉಪಕರಣಗಳ ಕಂಪನಿ. ಕೊಡಾಕ್ ಟಿವಿಯನ್ನು ಭಾರತದಲ್ಲಿ ಮಾಡಿ ಮಾರುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಇಲ್ಲಿನ ಸಂಸ್ಥೆ, ಫಿಲ್ಮ್ ಮಾಡುತ್ತಿದ್ದ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಅಲ್ಲ. 2016ರ ಕೊನೆಯಿಂದ ನೋಕಿಯಾ ಹೆಸರಿನ ಫೋನುಗಳನ್ನು ತಂದದ್ದು ಎಚ್‌ಎಂಡಿ ಎಂಬ ಪ್ರತ್ಯೇಕ ಕಂಪನಿ.

ಇದರಲ್ಲಿ ಮೋಸವೇನೂ ಇಲ್ಲ. ಎಲ್ಲವೂ ಬಹಿರಂಗವಾಗಿ ನಡೆಯುವ, ಕಾನೂನು ಒಪ್ಪಿದ ವ್ಯವಹಾರ. ತೊಂದರೆ ಶುರುವಾಗುವುದು ವಸ್ತು ಕೆಟ್ಟಾಗ. ಟಿವಿ ಕೆಟ್ಟಿತೆಂದು ಆ ಹೆಸರಿನ ಬಲ್ಬು ಮಾರುವ ಕಂಪನಿಗೆ ಫೋನ್ ಮಾಡಿದರೆ ‘ಅದು ನಮ್ಮದಲ್ಲ’ ಎನ್ನುತ್ತಾರೆ, ಅವರು ಹೇಳುವುದು ನಿಜವೂ ಹೌದು. ಹೆಸರಿನ ಪರವಾನಗಿ ಇನ್ನೊಂದು ಕಂಪನಿಗೆ ಹೋದರೆ ಹೊಸಬರು ಹಳಬರು ಮಾರಿದ ವಸ್ತುವಿನ ಬಿಡಿಭಾಗ ಇಡುವುದಿಲ್ಲ. ವಾರಂಟಿ ಕೊಟ್ಟವರು ವಸ್ತು ಮಾರಿದ ಕಂಪನಿಯವರು. ಹೆಸರಿನ ಒಡೆಯರು ಕೊಟ್ಟದ್ದು ಹೆಸರನ್ನು ಮಾತ್ರ.

ಯಾರು ಮಾಡಿದ್ದು ಎಂದು ತಿಳಿಯುವುದು ಕಷ್ಟವಲ್ಲ. ಪೊಟ್ಟಣದ ಮೇಲೆ ತಯಾರಕರ, ಪ್ಯಾಕ್ ಮಾಡಿದವರ ಇಲ್ಲವೇ ಆಮದುದಾರರ ಹೆಸರು ಮತ್ತು ವಿಳಾಸ ಇರಲೇಬೇಕೆಂದು ಕಾನೂನಿನ ನಿಯಮವಿದೆ. ದೊಡ್ಡ ಅಕ್ಷರದ ಬ್ರಾಂಡನ್ನು ಬಿಟ್ಟು ಹಿಂಬದಿಯ ಆ ಸಣ್ಣ ಅಕ್ಷರವನ್ನು ನೋಡಬೇಕು. ಅಲ್ಲಿ ಬ್ರಾಂಡಿಗಿಂತ ಬೇರೆ ಹೆಸರಿದ್ದು, ‘ಪರವಾನಗಿಯ ಮೇರೆಗೆ’ ಎಂಬರ್ಥದ ಇಂಗ್ಲಿಷ್ ಸಾಲು ಇದ್ದರೆ ಹೆಸರಿನ ಒಡೆಯರು ಬೇರೆ, ತಯಾರಿಸಿದವರು ಬೇರೆ ಎಂದರ್ಥ. ವಾಹನವಾದರೆ ಆರ್‌ಸಿಯಲ್ಲಿ ತಯಾರಕರ ಹೆಸರಿಗೆಂದೇ ಒಂದು ಕಾಲಂ ಇದೆ.

ಹಬ್ಬದ ಹೊತ್ತಿಗೆ ದೊಡ್ಡ ಹೆಸರಿನ ಟಿವಿಯೋ ಫ್ರಿಜ್ಜೋ ಕಡಿಮೆ ಬೆಲೆಗೆ ಕಂಡರೆ ಬೇಡ ಎನ್ನಬೇಕಿಲ್ಲ. ಪರವಾನಗಿಯ ವಸ್ತುಗಳಲ್ಲಿ ಒಳ್ಳೆಯವೂ ಇವೆ, ಮೈಸೂರಿನ ಜಾವಾ ಅದಕ್ಕೆ ಸಾಕ್ಷಿ. ಆದರೆ ದುಡ್ಡು ಕೊಡುವ ಮೊದಲು ಅಂಗಡಿಯವರಿಂದ ವಾರಂಟಿ ಕಾರ್ಡು ಕೇಳಿ ಪಡೆಯಿರಿ. ಅದರಲ್ಲಿರುವ ಕಂಪನಿಯ ಹೆಸರು ಓದಿ. ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ವಿಚಾರಿಸಿ, ಅಲ್ಲಿಗೊಂದು ಫೋನ್ ಮಾಡಿ ನೋಡಿ. ಅತ್ತ ಕಡೆಯಿಂದ ಸರಿಯಾದ ಉತ್ತರ ಬಂದ ಮೇಲೆ ಬಿಲ್ ಮಾಡಿಸಿ.